ಒತ್ತಕ್ಷರದಿಂದ ಮೊದಲಾಗುವ ಪದಕ್ಕೆ ನಿಘಂಟಿನಲ್ಲಿ ಎಡೆ ಎಲ್ಲಿ? – ಅಕಾರಾದಿ ಕ್ರಮದ ಒಂದು ಪರಿಶೀಲನೆ

‘ಸ್ತ್ರೀ’ ಎಂಬ ಪದವನ್ನು ನಿಘಂಟಿನಲ್ಲಿ ಹುಡುಕಹೊರಟವರು ‘ಸೀ’ ಇರುವ ಪುಟವನ್ನು ತೆರೆದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಅಕ್ಷರದ ಚಿತ್ರ ಹಾಗೆಯೇ ಇದೆ. ಮೇಲೆ ಗುಡಿಸಿನ ದೀರ್ಘ ಹೊತ್ತ ‘ಸೀ’ ಕುಳಿತಿದೆ, ಅದರ ಕೆಳಗೆ ತ-ಒತ್ತು, ಅದರ ಪಕ್ಕ ರ-ಒತ್ತು. ಕಣ್ಣು ಮೊದಲು ಕಾಣುವುದು ‘ಸೀ’ಯನ್ನೇ. ಆದರೆ ಆ ಪದ ಇರುವುದು ‘ಸೀತೆ’, ‘ಸೀಮೆ’ಗಳ ನೆರೆಯಲ್ಲಲ್ಲ, ಹತ್ತಾರು ಪುಟ ದಾಟಿ, ‘ಸೌ’ ಮುಗಿದ ಮೇಲೆ, ‘ಸ್ತೋಮ’ದ ನಂತರ, ‘ಸ್ಥಳ’ಕ್ಕಿಂತ ಮೊದಲು. ಈ ಸ್ಥಾನ ಯಾವ ನಿಯಮದಿಂದ ಬಂತು, ಆ ನಿಯಮ ಎಲ್ಲಿ ಕೈಕೊಟ್ಟಂತೆ ತೋರುತ್ತದೆ, ಹಾಗೆ ತೋರಿದಾಗ ಓದುಗ ಏನು ಮಾಡಬೇಕು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಪದದ ಮೊದಲ ಅಕ್ಷರದ ತೊಡಕಿಗಷ್ಟೇ ಇಲ್ಲಿ ಗಮನ. ಒಳಗಿನ ಅಕ್ಷರಗಳ ಮಾತು ಅಗತ್ಯವಿದ್ದಲ್ಲಿ ಮಾತ್ರ ಬರುತ್ತದೆ.

ನಿಘಂಟಿನಲ್ಲಿ ಒತ್ತಕ್ಷರಗಳಿಗೆಂದು ಪ್ರತ್ಯೇಕ ನಿಯಮವೊಂದಿದೆ, ಅದನ್ನು ಬಾಯಿಪಾಠ ಮಾಡಬೇಕು ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಅಂಥ ನಿಯಮ ಇಲ್ಲ, ಬೇಕಾಗಿಯೂ ಇಲ್ಲ. ಇರುವುದು ವರ್ಣಮಾಲೆಯ ಕ್ರಮ ಒಂದೇ: ಮೊದಲು ಸ್ವರಗಳು, ಆಮೇಲೆ ಅನುಸ್ವಾರ ಮತ್ತು ವಿಸರ್ಗ, ಕೊನೆಗೆ ವ್ಯಂಜನಗಳು. ಇದನ್ನು ಅಕ್ಷರಕ್ಕಲ್ಲ, ವರ್ಣಕ್ಕೆ ಅನ್ವಯಿಸಬೇಕು ಎಂಬುದಷ್ಟೇ ಗುಟ್ಟು. ನಾವು ಬರೆಯುವ ‘ಕ’ ಎಂಬುದು ಒಂದು ವರ್ಣವಲ್ಲ, ಎರಡು: ಕ್ ಮತ್ತು ಅ. ‘ಕಿ’ ಎಂದರೆ ಕ್ ಮತ್ತು ಇ. ‘ಕ್ರಿ’ ಎಂದರೆ ಕ್, ರ್, ಇ ಎಂಬ ಮೂರು. ಈಗ ಕ್ ಎಂಬುದನ್ನು ಮೊದಲ ಮೆಟ್ಟಿಲೆಂದು ಇಟ್ಟುಕೊಳ್ಳೋಣ. ಅದರ ಮುಂದಿನ ವರ್ಣ ಸ್ವರವಾಗಿದ್ದರೆ ಆ ಪದ ಮೊದಲು ಬರಬೇಕು, ವ್ಯಂಜನವಾಗಿದ್ದರೆ ಆಮೇಲೆ ಬರಬೇಕು. ಏಕೆಂದರೆ ವರ್ಣಮಾಲೆಯಲ್ಲಿ ಸ್ವರಗಳೇ ಮೊದಲು. ಹೀಗಾಗಿ ಕ, ಕಾ, ಕಿ, ಕೀ, ಕು, ಕೂ, ಕೃ, ಕೆ, ಕೇ, ಕೈ, ಕೊ, ಕೋ, ಕೌ ಎಂಬ ಕಾಗುಣಿತವೆಲ್ಲ ಮುಗಿದ ಮೇಲೆ ಕ್ಯ, ಕ್ರ, ಕ್ಲ, ಕ್ವ, ಕ್ಷ ಎಂಬ ಗುಂಪುಗಳು ಸಾಲಾಗಿ ನಿಲ್ಲುತ್ತವೆ. ಆ ಗುಂಪುಗಳ ಒಳಗಿನ ಕ್ರಮ ಎರಡನೆಯ ವ್ಯಂಜನದ ಕ್ರಮವೇ: ಯ, ರ, ಲ, ವ, ಷ. ಕ್ರ-ಗುಂಪಿನ ಒಳಹೊಕ್ಕರೆ ಅಲ್ಲಿ ಮತ್ತೆ ಕಾಗುಣಿತ ಮೊದಲಾಗುತ್ತದೆ: ಕ್ರಮ, ಕ್ರಾಂತಿ, ಕ್ರಿಯೆ, ಕ್ರೀಡೆ, ಕ್ರೂರ, ಕ್ರೋಧ, ಕ್ರೌರ್ಯ. ಅದು ಮುಗಿದ ಮೇಲೆ ಕ್ಲೇಶ, ಕ್ವಚಿತ್ತು, ಕ್ಷಣ.

ಇದರಿಂದ ಒಂದು ಕೈಕೆಲಸದ ಉಪಾಯ ಹೊರಡುತ್ತದೆ. ಒತ್ತಕ್ಷರದ ಪದಗಳು ಯಾವಾಗಲೂ ತಮ್ಮ ಮೊದಲ ವ್ಯಂಜನದ ಬಾಲದಲ್ಲಿರುತ್ತವೆ. ಆದ್ದರಿಂದ ‘ಕ್ರೋಧ’ ಬೇಕಾದವರು ‘ಕ’ದಿಂದ ಪುಟ ತಿರುವುತ್ತ ಬರುವ ಅಗತ್ಯವಿಲ್ಲ. ‘ಖ’ ಎಲ್ಲಿ ಮೊದಲಾಗುತ್ತದೆ ನೋಡಿ, ಅಲ್ಲಿಂದ ಹಿಂದಕ್ಕೆ ತಿರುವಿದರೆ ಸಾಕು. ಮೊದಲು ಕ್ಷ ಸಿಗುತ್ತದೆ, ಆಮೇಲೆ ಕ್ವ, ಕ್ಲ, ಕ್ರ. ‘ಪ್ರ’ದಲ್ಲಿ ಈ ಉಪಾಯದ ಲಾಭ ಇನ್ನೂ ಹೆಚ್ಚು, ಏಕೆಂದರೆ ‘ಪ್ರ’ ಉಪಸರ್ಗದಿಂದ ಮೊದಲಾಗುವ ಸಂಸ್ಕೃತ ಪದಗಳು ಅಸಂಖ್ಯ, ಅವೆಲ್ಲ ‘ಫ’ಕಾರದ ಬಾಗಿಲಿಗೆ ಒತ್ತರಿಸಿಕೊಂಡು ನಿಂತಿವೆ. ‘ಹ್ರಸ್ವ’ವನ್ನು ಹುಡುಕುವವರು ಹೆಚ್ಚುಕಡಿಮೆ ನಿಘಂಟಿನ ಕೊನೆಯ ಪುಟಕ್ಕೇ ಹೋಗಬಹುದು, ಏಕೆಂದರೆ ಹಕಾರದ ನಂತರ ಉಳಿದಿರುವುದು ಳಕಾರ ಮಾತ್ರ, ಅದರಿಂದ ಮೊದಲಾಗುವ ಪದಗಳು ಇಲ್ಲವೆನ್ನುವಷ್ಟು ಕಡಿಮೆ.

ಈಗ ‘ಸ್ತ್ರೀ’ಗೆ ಮರಳಿ ಅದನ್ನು ಪೂರ್ತಿ ಬಿಡಿಸೋಣ. ಬಿಡಿಸುವ ವಿಧಾನ ಹೀಗೆ: ಮೇಲಿನ ಅಕ್ಷರದಿಂದ ಸ್ವರಚಿಹ್ನೆಯನ್ನು ಕಳಚಿ ಪಕ್ಕಕ್ಕಿಡಬೇಕು, ಉಳಿದ ಮೂಲಾಕ್ಷರವನ್ನು ಮೊದಲು ಓದಬೇಕು, ಆಮೇಲೆ ಒತ್ತುಗಳನ್ನು ಬರೆದ ಕ್ರಮದಲ್ಲೇ ಓದಬೇಕು, ಕಳಚಿಟ್ಟ ಸ್ವರವನ್ನು ಕೊನೆಗೆ ಸೇರಿಸಬೇಕು. ಸ್, ತ್, ರ್, ಈ. ಕನ್ನಡ ಲಿಪಿಯ ವಿಶೇಷ ಇರುವುದು ಇಲ್ಲಿಯೇ. ಉಚ್ಚಾರಣೆಯಲ್ಲಿ ಕಟ್ಟಕಡೆಗೆ ಬರುವ ಸ್ವರವನ್ನು ಲಿಪಿಯು ಮೊದಲ ವ್ಯಂಜನದ ತಲೆಗೆ ಕಟ್ಟುತ್ತದೆ. ದೇವನಾಗರಿ ಓದುವ ಅಭ್ಯಾಸವಿದ್ದವರಿಗೆ ಈ ತೊಡಕು ಅಷ್ಟಾಗಿ ಇಲ್ಲ; ಅಲ್ಲಿ ಅರ್ಧಾಕ್ಷರಗಳು ಅಡ್ಡಸಾಲಿನಲ್ಲಿ ಬಂದು ದೀರ್ಘದ ಗೆರೆ ಕೊನೆಯ ಅಕ್ಷರದ ಬಳಿಯೇ ಬೀಳುತ್ತದೆ. ನಮ್ಮಲ್ಲಿ ಒತ್ತುಗಳು ಕೆಳಗಿಳಿಯುವುದರಿಂದ ಸ್ವರ ಮೇಲೆ ಉಳಿದುಬಿಡುತ್ತದೆ.

ಬಿಡಿಸಿದ ಮೇಲೆ ದಾರಿ ನೇರವಾಗಿದೆ. ಸಕಾರದ ಕಾಗುಣಿತ ಮುಗಿದ ಮೇಲೆ ಸ್ಕಂದ, ಸ್ಖಲನ ಬರುತ್ತವೆ. ಇಂಗ್ಲಿಷಿನಿಂದ ಬಂದ ಪದಗಳಿಗೆ ಎಡೆಕೊಟ್ಟ ನಿಘಂಟಾದರೆ ಅಲ್ಲೇ ಮುಂದೆ ‘ಸ್ಟೇಷನ್ನು’ ನಿಲ್ಲುತ್ತದೆ, ಟಕಾರ ತಕಾರಕ್ಕಿಂತ ಮೊದಲಿನದು. ಆಮೇಲೆ ಸ್ತ-ಗುಂಪು: ಸ್ತಂಭ, ಸ್ತನ, ಸ್ತಬಕ, ಸ್ತಬ್ಧ, ಸ್ತರ, ಸ್ತವ, ಸ್ತಿಮಿತ, ಸ್ತುತಿ, ಸ್ತೂಪ, ಸ್ತೋತ್ರ, ಸ್ತೋಮ. ಇಲ್ಲಿಗೆ ಸ್ತ್ ಎಂಬುದರ ಮುಂದೆ ಸ್ವರ ಬರುವ ಪದಗಳೆಲ್ಲ ತೀರಿದವು. ಇನ್ನು ಸ್ತ್ ಎಂಬುದರ ಮುಂದೆ ವ್ಯಂಜನ ಬರುವ ಸರದಿ. ಅಲ್ಲಿ ‘ಸ್ತ್ರೀ’ ಮತ್ತು ಅದರಿಂದಾದ ಸಮಾಸಪದಗಳು. ಆಮೇಲೆ ಸ್ಥಳ, ಸ್ಥಾನ, ಸ್ಥಿತಿ. ಮೊದಲ ಮೆಟ್ಟಿಲಿನಲ್ಲಿ ಕಂಡ ನಿಯಮವೇ ಎರಡನೆಯ ಮೆಟ್ಟಿಲಿನಲ್ಲೂ ಮರುಕಳಿಸಿದೆ ಎಂಬುದನ್ನು ಗಮನಿಸಬೇಕು. ಅಷ್ಟೇ ಅಲ್ಲ, ‘ಸ್ತಬಕ’ವು ‘ಸ್ತಬ್ಧ’ಕ್ಕಿಂತ ಮೊದಲು ಬಂದುದೂ ಇದೇ ಕಾರಣಕ್ಕೆ: ಬ್ ಆದಮೇಲೆ ಮೊದಲನೆಯದರಲ್ಲಿ ಅಕಾರವಿದೆ, ಎರಡನೆಯದರಲ್ಲಿ ಧಕಾರವಿದೆ. ‘ಕೃಷಿ’ ಮೊದಲು ಬಂದು ‘ಕೃಷ್ಣ’ ಆಮೇಲೆ ಬರುವುದೂ ಹೀಗೆಯೇ.

ಒತ್ತುಗಳ ರೂಪ ಗುರುತಿಸುವುದರಲ್ಲಿ ಸ್ವಲ್ಪ ಎಚ್ಚರ ಬೇಕು. ಹೆಚ್ಚಿನ ವ್ಯಂಜನಗಳು ಒತ್ತಾದಾಗ ತಲಕಟ್ಟನ್ನು ಕಳೆದುಕೊಂಡು ಚಿಕ್ಕದಾಗುತ್ತವೆ, ಅಷ್ಟೇ. ಅವನ್ನು ನೋಡಿದರೆ ತಾಯಿಯಕ್ಷರ ತಿಳಿಯುತ್ತದೆ. ಆದರೆ ತ, ನ, ಮ, ಯ, ರ ಇವುಗಳ ಒತ್ತುಗಳಿಗೂ ಮೂಲರೂಪಕ್ಕೂ ಹೋಲಿಕೆ ಕಡಿಮೆ. ಪದದ ಮೊದಲಲ್ಲಿ ಹೆಚ್ಚಾಗಿ ಬರುವ ಒತ್ತುಗಳು ಯ, ರ, ವ, ತ, ಮ, ನ ಆಗಿರುವುದರಿಂದ ಹೋಲಿಕೆ ಕಡಿಮೆಯಿರುವ ಆ ಐದನ್ನು ಚೆನ್ನಾಗಿ ಗುರುತು ಹಿಡಿದವರಿಗೆ ಅರ್ಧ ಕೆಲಸ ಮುಗಿದಂತೆ.

ಒತ್ತಿನ ಜಾಗದಲ್ಲಿ ಕುಳಿತಿದ್ದರೂ ಒತ್ತಲ್ಲದ ಚಿಹ್ನೆಗಳು ಎರಡಿವೆ, ಅವೇ ಹೆಚ್ಚು ದಾರಿ ತಪ್ಪಿಸುವುದು. ಒಂದು, ಐತ್ವದ ಕೆಳಸುಳಿ. ‘ಶೈಲಿ’, ‘ತೈಲ’, ‘ಮೈತ್ರಿ’ಗಳಲ್ಲಿ ಮೇಲೆ ಎತ್ವ, ಕೆಳಗೆ ಒಂದು ಕೊಂಕು ಇವೆ, ಇವೆರಡೂ ಸೇರಿ ಒಂದೇ ಸ್ವರ. ಕೆಳಗಿನದನ್ನು ಒತ್ತೆಂದು ತಿಳಿದವರು ‘ಶೈಲಿ’ಯನ್ನು ‘ಶೌ’ ಆದಮೇಲೆ ಹುಡುಕಿ ಸೋಲುತ್ತಾರೆ. ಅದಿರುವುದು ‘ಶೇ’ ಮತ್ತು ‘ಶೊ’ಗಳ ನಡುವೆ. ಒತ್ವ, ಓತ್ವಗಳಲ್ಲೂ ಇಂಥ ಜೋಡಣೆಯೇ ಇದೆ, ಎತ್ವಕ್ಕೆ ಕೊಂಬಿನ ದೀರ್ಘ ಸೇರಿ ‘ಕೊ’ ಆಗಿದೆ. ಆದರೆ ಅದು ಅಕ್ಷರದ ಪಕ್ಕದಲ್ಲಿರುವುದರಿಂದ ಯಾರೂ ಒತ್ತೆಂದು ಭ್ರಮಿಸುವುದಿಲ್ಲ. ಹೆಚ್ಚೆಂದರೆ ‘ಕೆ’ ಎಂದು ಓದಿ ಒಂದೆರಡು ಪುಟ ಹಿಂದೆ ಉಳಿಯುತ್ತಾರೆ.

ಎರಡನೆಯದು ವಟ್ರಸುಳಿ. ಇದರ ವಿಚಾರ ತುಸು ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಇಲ್ಲಿ ಕಣ್ಣೂ ಕಿವಿಯೂ ಸೇರಿ ಮೋಸ ಮಾಡುತ್ತವೆ. ಋಕಾರವನ್ನು ಇಂದು ಕನ್ನಡಿಗರು ‘ರು’ ಎಂದೇ ಉಚ್ಚರಿಸುತ್ತಾರೆ. ‘ಕೃಷಿ’ ಕಿವಿಗೆ ‘ಕ್ರುಷಿ’. ಚಿಹ್ನೆಯೂ ಅಕ್ಷರದ ಕೆಳಗೆ ಬಲಕ್ಕೆ, ರ-ಒತ್ತು ಇರುವ ಕಡೆಯಲ್ಲೇ ಇದೆ. ಹೀಗಿರುವಾಗ ಓದುಗ ಅದನ್ನು ಕ್, ರ್, ಉ ಎಂದು ಬಿಡಿಸಿ ‘ಕ್ರೂರ’ದ ಹತ್ತಿರ ಹುಡುಕಿದರೆ ಅವನ ತರ್ಕದಲ್ಲಿ ದೋಷವಿಲ್ಲ. ದೋಷವಿರುವುದು ಬಿಡಿಸುವಿಕೆಯಲ್ಲಿ. ಋ ಒಂದು ಸ್ವರ. ‘ಕೃ’ ಎಂದರೆ ಕ್ ಮತ್ತು ಋ ಎರಡೇ ವರ್ಣ. ಅದಕ್ಕೆ ಎಡೆ ‘ಕೂ’ ಮತ್ತು ‘ಕೆ’ಗಳ ನಡುವೆ. ಹಾಗಾಗಿ ‘ಕೃಷಿ’ಗೂ ‘ಕ್ರಿಯೆ’ಗೂ ನಡುವೆ ಕೆ, ಕೇ, ಕೈ, ಕೊ, ಕೋ, ಕೌ ಎಂಬ ಆರು ಗುಂಪುಗಳಷ್ಟು ಅಂತರವಿದೆ. ಅಚ್ಚಗನ್ನಡದ ಪದಗಳು ಈ ಗುಂಪುಗಳಲ್ಲಿ ಕಿಕ್ಕಿರಿದಿರುವುದರಿಂದ ಅಂತರ ಪುಟಗಳ ಲೆಕ್ಕದಲ್ಲಿ ಬಹಳವಾಗುತ್ತದೆ.

ಇವೆರಡನ್ನೂ ಬೇರ್ಪಡಿಸಿ ನೋಡಲು ‘ಗೃಹ’ ಮತ್ತು ‘ಗ್ರಹ’ಗಳ ಜೋಡಿ ಒಳ್ಳೆಯದು. ಮನೆಯೆಂಬ ಅರ್ಥದ್ದು ‘ಗೂಳಿ’, ‘ಗೂಬೆ’ಗಳನ್ನು ದಾಟಿದೊಡನೆ, ‘ಗೆ’ ಬರುವ ಮುನ್ನ ಸಿಗುತ್ತದೆ. ಆಕಾಶದಲ್ಲಿರುವುದು ‘ಗೌರವ’ವನ್ನು ದಾಟಿ, ‘ಗ್ರಂಥ’ದ ನೆರೆಯಲ್ಲಿ, ‘ಘ’ ಬರುವ ಮುನ್ನ ಸಿಗುತ್ತದೆ. ವೃತ್ತ ಮತ್ತು ವ್ರತ, ಶೃಂಗಾರ ಮತ್ತು ಶ್ರಮ, ಹೃದಯ ಮತ್ತು ಹ್ರಸ್ವ, ಪೃಥ್ವಿ ಮತ್ತು ಪ್ರಥಮ – ಎಲ್ಲವೂ ಹೀಗೆ ದೂರ ದೂರ. ‘ದೃಷ್ಟಿ’ಗೂ ‘ದ್ರಷ್ಟಾರ’ನಿಗೂ ಧಾತು ಒಂದೇ ಆದರೂ ನಿಘಂಟಿನಲ್ಲಿ ಅವರು ಅಕ್ಕಪಕ್ಕದವರಲ್ಲ. ಕೆಲವು ಪದಗಳಿಗೆ ಎರಡು ರೂಪಗಳೂ ಸಾಧು: ‘ಕೃಮಿ’, ‘ಕ್ರಿಮಿ’ ಎರಡೂ ಸಂಸ್ಕೃತದಲ್ಲಿವೆ. ಒಂದು ಕಡೆ ಸಿಗದಿದ್ದರೆ ಇನ್ನೊಂದು ಕಡೆ ನೋಡಲೇಬೇಕು.

ಋ ಪದದ ಮೊದಲಿಗೇ ಬಂದಾಗ ಚಿಹ್ನೆಯ ತೊಡಕು ಇಲ್ಲವಾದರೂ ಕಿವಿಯ ತೊಡಕು ಉಳಿಯುತ್ತದೆ. ಋಣ, ಋತು, ಋಷಿ – ಇವು ಊಕಾರ ಮುಗಿದು ಎಕಾರ ಮೊದಲಾಗುವ ನಡುವಿನ ಕಿರಿದಾದ ಜಾಗದಲ್ಲಿವೆ. ‘ರು’ವಿನಲ್ಲಿ ಹುಡುಕಿದರೆ ಇಲ್ಲ. ಹಳಗನ್ನಡ ಕಾವ್ಯದಲ್ಲಿ ಬರುವ ‘ರಿಸಿ’ ಮಾತ್ರ ತದ್ಭವವಾದ್ದರಿಂದ ‘ರಿ’ಯಲ್ಲಿಯೇ ಇರುತ್ತದೆ. ಗುಡಿಸು, ಕೊಂಬು, ಎತ್ವಗಳಂತೆ ದಿನಬಳಕೆಯಲ್ಲಿ ಇಲ್ಲದ ಇನ್ನೂ ಒಂದು ಚಿಹ್ನೆಯನ್ನು ಹೇಳಿ ಮುಂದಕ್ಕೆ ಹೋಗಬಹುದು. ಸಂಸ್ಕೃತದ ಌಕಾರ ಬರುವುದು ಕಾರ್ಯತಃ ಒಂದು ಧಾತುವಿನ ರೂಪಗಳಲ್ಲಿ ಮಾತ್ರ. ಅದು ಕನ್ನಡಕ್ಕೆ ‘ಕ್ಲುಪ್ತ’ವಾಗಿ, ‘ಕ್ಲೃಪ್ತ’ವಾಗಿ ಬಂದಿದೆ. ಕರಾವಳಿಯ ಆಮಂತ್ರಣ ಪತ್ರಿಕೆಗಳಲ್ಲಿ ‘ಕ್ಲಪ್ತ ಸಮಯಕ್ಕೆ’ ಎಂಬುದೂ ಕಾಣಸಿಗುತ್ತದೆ. ಇವೆಲ್ಲ ಬರವಣಿಗೆಯ ಮಟ್ಟಿಗೆ ಕ್, ಲ್ ಎಂದು ಮೊದಲಾಗುವುದರಿಂದ ಕ್ಲ-ಗುಂಪಿಗೆ ಸೇರುತ್ತವೆ. ಸಂಸ್ಕೃತದ ಸ್ವರವನ್ನು ಹಾಗೆಯೇ ಉಳಿಸಿ ‘ಕೢಪ್ತ’ ಎಂದು ಅಚ್ಚುಮಾಡಿದ್ದರೆ ಮಾತ್ರ ಅದರ ಸ್ಥಾನ ‘ಕೃ’ವಿನ ಬೆನ್ನಿಗೆ, ‘ಕೆ’ಗಿಂತ ಮೊದಲು.

ಕಿವಿ ದಾರಿ ತಪ್ಪಿಸುವ ಇನ್ನೊಂದು ಅಕ್ಷರ ‘ಜ್ಞ’. ಇದನ್ನು ನಾವು ‘ಗ್ನ’ ಎಂದೋ ‘ಗ್ಯ’ ಎಂದೋ ಉಚ್ಚರಿಸುತ್ತೇವೆ; ಜಕಾರದ ಸುಳಿವೇ ಬಾಯಲ್ಲಿ ಉಳಿದಿಲ್ಲ. ಆದರೆ ನಿಘಂಟು ಬರವಣಿಗೆಗೆ ನಿಷ್ಠವಾದುದು. ಜ್, ಞ್, ಆ ಎಂದು ಬಿಡಿಸಿದರೆ ‘ಜ್ಞಾನ’, ‘ಜ್ಞಾಪಕ’ಗಳು ಜಕಾರದ ಬಾಲದಲ್ಲಿ, ‘ಜ್ಯೋತಿ’ಗಿಂತ ಮೊದಲು ಸಿಗುತ್ತವೆ. ಅದೂ ಆ ಬಾಲದಲ್ಲಿ ಎಲ್ಲಕ್ಕಿಂತ ಮೊದಲಿನ ಗುಂಪುಗಳಲ್ಲೇ, ಏಕೆಂದರೆ ಞ ಚವರ್ಗದ್ದು, ಯ ಮತ್ತು ವ ಬಹಳ ಆಮೇಲಿನವು. ‘ಗ್ಯಾನ’ ಎಂಬ ರೂಪ ವಚನ, ತತ್ವಪದಗಳಲ್ಲಿ ಕಂಡರೆ ಅದು ಬೇರೆ ನಮೂದು, ಗಕಾರದಲ್ಲಿ ನೋಡಬೇಕು. ‘ಕ್ಷ’ದ ಉಚ್ಚಾರಣೆ ಅಷ್ಟು ದೂರ ಸರಿದಿಲ್ಲ. ಆದರೆ ಹಳೆಯ ವರ್ಣಮಾಲೆಯ ಪಟಗಳಲ್ಲಿ ಳಕಾರದ ಆಚೆ ಕ್ಷ, ಜ್ಞ ಎರಡನ್ನೂ ಸ್ವತಂತ್ರ ಅಕ್ಷರಗಳಂತೆ ಬರೆಯುವ ರೂಢಿಯಿತ್ತು. ಆ ಪಟ ನೋಡಿ ಕಲಿತವರು ‘ಕ್ಷಮೆ’ಯನ್ನು ನಿಘಂಟಿನ ಕೊನೆಯಲ್ಲಿ ಹುಡುಕುವುದನ್ನು ಇಂದಿಗೂ ಕಾಣಬಹುದು. ನಿಘಂಟಿಗೆ ಅದು ಕ್ ಮತ್ತು ಷ್ ಸೇರಿದ ಒತ್ತಕ್ಷರ, ಅದಕ್ಕಿಂತ ಹೆಚ್ಚಿಲ್ಲ. ‘ಖ’ ಬರುವ ಮುನ್ನಿನ ಪುಟಗಳಲ್ಲಿ ಅದು ಇದ್ದೇ ಇರುತ್ತದೆ.

ಇಲ್ಲಿಯವರೆಗಿನ ಒತ್ತಕ್ಷರದ ಉದಾಹರಣೆಗಳಲ್ಲಿ ‘ಸ್ಟೇಷನ್ನು’ ಬಿಟ್ಟರೆ ಉಳಿದವೆಲ್ಲ ಸಂಸ್ಕೃತದವು ಎಂಬುದು ಆಕಸ್ಮಿಕವಲ್ಲ. ಅಚ್ಚಗನ್ನಡದ ಪದಗಳು ಒತ್ತಕ್ಷರದಿಂದ ಮೊದಲಾಗುವುದಿಲ್ಲ; ದ್ರಾವಿಡ ಭಾಷೆಗಳ ಸ್ವಭಾವವೇ ಅದು. ಎರವಲು ಬಂದ ಪದದ ಮೊದಲ ಒತ್ತನ್ನು ಕನ್ನಡದ ನಾಲಿಗೆ ಸಡಿಲಿಸಿಕೊಂಡಿತು. ಕೆಲವೆಡೆ ಮೊದಲ ವ್ಯಂಜನವನ್ನು ಬಿಟ್ಟಿತು: ಸ್ನೇಹ ‘ನೇಹ’ವಾಯಿತು, ಸ್ಥಾನ ‘ತಾಣ’ವಾಯಿತು. ಕೆಲವೆಡೆ ಎರಡನೆಯದನ್ನು ಬಿಟ್ಟಿತು: ಧ್ವನಿ ‘ದನಿ’ಯಾಯಿತು. ಇನ್ನು ಕೆಲವೆಡೆ ನಡುವೆ ಸ್ವರವೊಂದನ್ನು ತೂರಿಸಿತು: ಶ್ರೀ ‘ಸಿರಿ’ಯಾಯಿತು. ಹಳೆಯ ಪಠ್ಯ ಓದುವವರು ಇದನ್ನು ನೆನಪಿಟ್ಟಿರಬೇಕು. ‘ನೇಹ’ ಎಂಬುದಕ್ಕೆ ನಕಾರದಲ್ಲಿ ಚುಟುಕಾದ ಅರ್ಥ ಸಿಕ್ಕಿ ವಿಸ್ತಾರವಾದ ವಿವರ ಬೇಕೆನಿಸಿದರೆ ‘ಸ್ನೇಹ’ಕ್ಕೆ ಹೋಗಬೇಕು, ಅಂದರೆ ಸಕಾರದ ಬಾಲಕ್ಕೆ.

ಆದರೆ ಮೇಲಿನ ಮಾತಿಗೆ ಒಂದು ದೊಡ್ಡ ಅಪವಾದ ಇರುವಂತೆ ತೋರುತ್ತದೆ. ಬ್ಯಾಡ, ಬ್ಯಾಸರ, ಬ್ಯಾಳಿ, ಪ್ಯಾಟಿ, ಹ್ಯಾಂಗ – ಇವು ಉತ್ತರ ಕರ್ನಾಟಕದ ದಿನದ ಮಾತು. ಧಾರವಾಡದ ಆಡುನುಡಿಯಲ್ಲಿ ಬರೆದ ಬೇಂದ್ರೆಯವರ ಕವಿತೆಗಳನ್ನು ಓದುವ ದಕ್ಷಿಣದ ವಿದ್ಯಾರ್ಥಿಗೆ ನಿಘಂಟು ಬೇಕಾಗುವುದು ಹೆಚ್ಚಾಗಿ ಇಂಥ ಪದಗಳಿಗೇ. ಬಕಾರದ ಬಾಲಕ್ಕೆ ಹೋದರೆ ‘ಬ್ಯಾಂಕು’ ಸಿಗಬಹುದು, ‘ಬ್ಯಾಸರ’ ಸಿಗದೆ ಹೋಗಬಹುದು. ಕಾರಣ, ಇಲ್ಲಿ ಯ-ಒತ್ತು ನಿಜವಾದ ವ್ಯಂಜನವಲ್ಲ. ಏಕಾರಕ್ಕೂ ಆಕಾರಕ್ಕೂ ನಡುವಿನ, ಬಾಯಿ ಅಗಲಿಸಿ ಆಡುವ ಸ್ವರವೊಂದು ಈ ಮಾತುಗಳಲ್ಲಿದೆ. ಅದಕ್ಕೆ ಕನ್ನಡ ಲಿಪಿಯಲ್ಲಿ ಚಿಹ್ನೆ ಇಲ್ಲದ್ದರಿಂದ ಯ-ಒತ್ತಿಗೆ ದೀರ್ಘ ಕೊಟ್ಟು ಸೂಚಿಸುತ್ತೇವೆ. ‘ಬ್ಯಾಂಕು’, ‘ಕ್ಯಾಮೆರಾ’ಗಳಲ್ಲಿ ಇಂಗ್ಲಿಷಿನ ಸ್ವರವನ್ನು ಬರೆದದ್ದೂ ಇದೇ ಉಪಾಯದಿಂದ. ಅಂದರೆ ಕಣ್ಣಿಗೆ ಒತ್ತಕ್ಷರವಾಗಿರುವುದು ಕೆಲಸದಲ್ಲಿ ಒಂದು ಸ್ವರಚಿಹ್ನೆ. ಇಂಥ ಪದಕ್ಕೆ ನಿಘಂಟಿನಲ್ಲಿ ಎರಡು ಕಡೆ ನೋಡಬೇಕು. ಮೊದಲು ಬರೆದಂತೆ ಬಾಲದಲ್ಲಿ. ಅಲ್ಲಿ ಇಲ್ಲದಿದ್ದರೆ ‘ಯಾ’ ತೆಗೆದು ಏತ್ವ ಕೊಟ್ಟು: ಬೇಡ, ಬೇಸರ, ಬೇಳೆ, ಪೇಟೆ, ಹೇಗೆ. ತ್ಯಾಗ, ಧ್ಯಾನ, ನ್ಯಾಯ, ವ್ಯಾಪಾರಗಳಿಗೆ ಈ ಎರಡನೆಯ ದಾರಿ ಅಗತ್ಯವಿಲ್ಲ. ಅಲ್ಲಿನ ಯಕಾರ ಮೂಲದಲ್ಲೇ ಇದ್ದದ್ದು. ಆಡುನುಡಿಯ ಸಾಹಿತ್ಯ ಇಷ್ಟು ಬೆಳೆದಿರುವಾಗ ‘ಬ್ಯಾಸರ’ದ ಸ್ಥಾನದಲ್ಲಿ ‘ಬೇಸರ ನೋಡಿ’ ಎಂಬ ಎರಡು ಪದಗಳ ಸೂಚನೆ ಕೊಡದ ನಿಘಂಟು ಓದುಗನ ಅರ್ಧ ನಾಡನ್ನು ಹೊರಗಿಟ್ಟಂತೆ ಎಂಬುದು ನನ್ನ ಅಭಿಪ್ರಾಯ.

ಇದುವರೆಗೆ ಹೇಳಿದ ಸ್ಥಾನಗಳು ಎಲ್ಲ ನಿಘಂಟುಗಳಿಗೂ ಹೆಚ್ಚುಕಡಿಮೆ ಸಮಾನ. ಸೊನ್ನೆಯ ವಿಷಯದಲ್ಲಿ ಮಾತ್ರ ಹಾಗಿಲ್ಲ. ಯಾರ ನಿಘಂಟು ಎಂದು ಕೇಳಿಕೊಂಡೇ ಪುಟ ತೆರೆಯಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ‘ಕನ್ನಡ ನಿಘಂಟು’ ಮತ್ತು ಇಂದು ಬಳಕೆಯಲ್ಲಿರುವ ಹೆಚ್ಚಿನ ಕೋಶಗಳಲ್ಲಿ ಅನುಸ್ವಾರ ವ್ಯಂಜನಗಳಿಗಿಂತ ಮೊದಲು ಬರುತ್ತದೆ. ‘ಅಂಗಡಿ’ ಅಕಾರದ ಆರಂಭದಲ್ಲೇ ಸಿಗುತ್ತದೆ, ‘ಸ್ತಂಭ’ ಸ್ತ-ಗುಂಪಿನ ತಲೆಯಲ್ಲೇ ಸಿಗುತ್ತದೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರಕಟಿಸಿದ ಕಿಟ್ಟೆಲ್ ನಿಘಂಟಿನಲ್ಲಿ ಹೀಗಿಲ್ಲ. ವರ್ಗೀಯ ವ್ಯಂಜನದ ಹಿಂದಿನ ಸೊನ್ನೆಯನ್ನು ಕಿಟ್ಟೆಲ್ ಆಯಾ ವರ್ಗದ ಅನುನಾಸಿಕವಾಗಿಯೇ ಬರೆಯುತ್ತಾರೆ: ಅಙ್ಗಡಿ, ಕಞ್ಚು, ಸ್ತಮ್ಭ. ಬರಹ ಬದಲಾದಾಗ ಸ್ಥಾನವೂ ಬದಲಾಗುತ್ತದೆ. ‘ಅಙ್ಗಡಿ’ಯನ್ನು ಘಕಾರ ಮುಗಿದು ಚಕಾರ ಬರುವ ನಡುವೆ ನೋಡಬೇಕು. ‘ಸ್ತಮ್ಭ’ವನ್ನು ‘ಸ್ತಬ್ಧ’ದ ನಂತರ, ‘ಸ್ತರ’ಕ್ಕಿಂತ ಮೊದಲು ನೋಡಬೇಕು, ಮಕಾರದ ಜಾಗ ಬಕಾರ ರಕಾರಗಳ ನಡುವೆ ತಾನೆ? ಹಾಗೆಯೇ ‘ಶೃಂಗಾರ’ವನ್ನು ಹುಡುಕುವವರು ಕಿಟ್ಟೆಲ್‌ನಲ್ಲಿ ಎರಡು ತಿರುವು ತೆಗೆದುಕೊಳ್ಳಬೇಕಾಗುತ್ತದೆ: ಮೊದಲು ಋಕಾರಕ್ಕಾಗಿ ‘ಶೂ’ ದಾಟಿ, ಆಮೇಲೆ ಙಕಾರಕ್ಕಾಗಿ ‘ಶೃ’ವಿನೊಳಗೆ. ಕಿಟ್ಟೆಲ್ ಕ್ರಮ ವ್ಯಾಕರಣದ ದೃಷ್ಟಿಯಿಂದ ಹೆಚ್ಚು ಶುದ್ಧವಾದುದು, ಉಚ್ಚಾರಣೆಗೂ ಹತ್ತಿರ. ಆದರೆ ಸೊನ್ನೆಯಲ್ಲೇ ಬರೆದು ಬೆಳೆದ ಓದುಗನಿಗೆ ಅದು ಪ್ರತಿ ಸಲವೂ ಒಂದು ಲೆಕ್ಕ ಮಾಡಿಸುತ್ತದೆ. ಬಳಕೆಯ ನಿಘಂಟಿಗೆ ಪರಿಷತ್ತಿನ ಕ್ರಮವೇ ಮೇಲು.

ಅಚ್ಚಿನಿಂದ ತೆರೆಗೆ ಬಂದಾಗ ಹುಡುಕಾಟ ಸುಲಭವಾಯಿತೆಂಬುದು ನಿಜ, ಅದರಲ್ಲೂ ಒತ್ತಕ್ಷರದ ಮಟ್ಟಿಗೆ. ಕೀಲಿಮಣೆಯಲ್ಲಿ ‘ಕ್ರಿ’ ಮೂಡಿಸಬೇಕಾದರೆ ಕ, ಹಲಂತ, ರ, ಗುಡಿಸು ಎಂದು ಉಚ್ಚಾರಣೆಯ ಕ್ರಮದಲ್ಲೇ ಒತ್ತಬೇಕು. ಬಿಡಿಸುವ ಕೆಲಸವನ್ನು ಬೆರಳೇ ಮಾಡಿಬಿಡುತ್ತದೆ. ಯೂನಿಕೋಡಿನಲ್ಲಿ ಹಲಂತದ ಸಂಕೇತ 0CCD. ಅದು ಔತ್ವದ 0CCCಯ ಮುಂದಿನದು. ಹೀಗಾಗಿ ಸಂಕೇತಗಳ ಕ್ರಮದಲ್ಲಿ ಸುಮ್ಮನೆ ಜೋಡಿಸಿದರೂ ‘ಕ್ರಮ’ ‘ಕೌರವ’ದ ನಂತರವೇ ಬೀಳುತ್ತದೆ. ಆದರೆ ಳಕಾರದ ಸಂಕೇತ 0CB3, ವಕಾರದ್ದು 0CB5. ಆದ್ದರಿಂದ ಕನ್ನಡದ ಅಕಾರಾದಿ ನಿಯಮವನ್ನು ಅಳವಡಿಸದ ತಂತ್ರಾಂಶದಲ್ಲಿ ‘ಕಳಸ’ ‘ಕವನ’ಕ್ಕಿಂತ ಮೊದಲು ಬರುತ್ತದೆ, ಅಚ್ಚಿನ ನಿಘಂಟಿನಲ್ಲಿ ಅದು ಹಕಾರವನ್ನೂ ದಾಟಿ ಬರಬೇಕಾದುದು. ಪಟ್ಟಿಯೊಂದು ನಿಜವಾದ ಅಕಾರಾದಿಯೋ ಬರಿಯ ಸಂಕೇತಗಳ ಸಾಲೋ ಎಂದು ತಿಳಿಯಲು ಈ ಎರಡು ಪದಗಳನ್ನು ಹಾಕಿ ನೋಡಿದರೆ ಸಾಕು.

ತೆರೆಯ ಮೇಲೆ ಪದದ ಮೊದಲಲ್ಲೇ ಎಡವಿಸುವ ಕಲ್ಲು ರಕಾರ. ರ್ ಆದಮೇಲೆ ವ್ಯಂಜನ ಬಂದರೆ ಕನ್ನಡದಲ್ಲಿ ಅದು ಅರ್ಕಾವೊತ್ತಾಗಿ ಮುಂದಿನ ಅಕ್ಷರದ ಬಲಕ್ಕೆ ಹೋಗುತ್ತದೆ. ಸಂಸ್ಕೃತ ಪದಗಳ ಮೊದಲಲ್ಲಿ ಇಂಥ ಸಂದರ್ಭ ಬರುವುದಿಲ್ಲವಾದ್ದರಿಂದ ಹಳಬರಿಗೆ ಇದೊಂದು ಸಮಸ್ಯೆಯೇ ಆಗಿರಲಿಲ್ಲ. ಇಂಗ್ಲಿಷಿನ ‘ರ‍್ಯಾಂಕ್’, ‘ರ‍್ಯಾಲಿ’ ಬಂದಮೇಲೆ ಆಯಿತು. ಇದನ್ನು ‘ರ್ಯಾಂಕ್’ ಎಂದು ಬರೆದರೆ ಕಣ್ಣಿಗೆ ಮೊದಲು ಕಾಣುವುದು ಯಾ, ಆಮೇಲೆ ಅರ್ಕಾವೊತ್ತು. ಓದುಗ ಯಕಾರಕ್ಕೆ ಹೋಗುತ್ತಾನೆ. ಅದಕ್ಕೇ ರಕಾರವನ್ನು ಪೂರ್ತಿ ಬರೆದು ಯ-ಒತ್ತು ಕೊಡುವುದು ರೂಢಿಗೆ ಬಂತು. ಕಂಪ್ಯೂಟರಿನಲ್ಲಿ ಹಾಗೆ ಬರೆಯಲು ರಕಾರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಜೋಡಕವೊಂದನ್ನು ಇಡಬೇಕು. ಎರಡು ಬರಹಗಳ ಒಳಗಿನ ಸಂಕೇತಗಳು ಹೀಗಿವೆ:

```
ರ್ಯಾಂಕ್   0CB0 0CCD 0CAF 0CBE 0C82 0C95 0CCD
ರ‍್ಯಾಂಕ್   0CB0 200D 0CCD 0CAF 0CBE 0C82 0C95 0CCD
```

ವರ್ಣಗಳು ಎರಡರಲ್ಲೂ ಒಂದೇ: ರ್, ಯ್, ಆ, ಅನುಸ್ವಾರ, ಕ್. ನಿಘಂಟಿನ ದೃಷ್ಟಿಯಿಂದ ಇದು ಒಂದೇ ಪದ, ಸ್ಥಾನ ‘ರೌ’ ಮುಗಿದ ಮೇಲೆ. ಆದರೆ 200D ಎಂಬ ಜೋಡಕವನ್ನು ಲೆಕ್ಕಕ್ಕೆ ಹಿಡಿಯುವ ಹುಡುಕುಪೆಟ್ಟಿಗೆಗೆ ಇವು ಎರಡು ಬೇರೆ ಪದಗಳು. ಒಂದನ್ನು ಟೈಪಿಸಿದರೆ ಇನ್ನೊಂದು ಸಿಗುವುದಿಲ್ಲ. ‘ಪದ ದೊರಕಲಿಲ್ಲ’ ಎಂಬ ಉತ್ತರ ಬಂದಾಗ ಪದವೇ ಇಲ್ಲವೆಂದು ಕೈಬಿಡದೆ ಇನ್ನೊಂದು ಬಗೆಯಲ್ಲಿ ಬರೆದು ನೋಡಬೇಕು. ‘ಸೂರ್ಯ’, ‘ಕಾರ್ಯ’ಗಳಂತೆ ಒಳಗೆ ರಕಾರವಿರುವ ಪದಗಳಲ್ಲೂ ಈ ಎರಡು ಬರಹಗಳಿರುವುದರಿಂದ ತೊಂದರೆ ಅಲ್ಲಿಗೂ ಹಬ್ಬಿದೆ.

ಇಷ್ಟನ್ನು ಪರಿಶೀಲಿಸಿದ ಮೇಲೆ ನಿಘಂಟಿನ ಸಂಪಾದಕರಲ್ಲಿ ಕೇಳಿಕೊಳ್ಳಬೇಕಾದದ್ದು ಹೆಚ್ಚಿಲ್ಲ. ಪುಟದ ತಲೆಯಲ್ಲಿ ಅಚ್ಚಾಗುವ ಮೊದಲ ಮತ್ತು ಕೊನೆಯ ಪದಗಳ ಜೊತೆ, ಪ್ರತಿ ವ್ಯಂಜನದ ಆರಂಭದಲ್ಲಿ ಆ ವ್ಯಂಜನದ ಒತ್ತಕ್ಷರಗಳು ಯಾವ ಪುಟದಿಂದ ಮೊದಲಾಗುತ್ತವೆ ಎಂದು ಒಂದು ಸಾಲು ಕೊಡಿ. ‘ಕ್ರು’, ‘ಗ್ರು’, ‘ಪ್ರು’ಗಳು ಬರಬೇಕಾದ ಜಾಗದಲ್ಲಿ ‘ಕೃ ನೋಡಿ’, ‘ಗೃ ನೋಡಿ’, ‘ಪೃ ನೋಡಿ’ ಎಂದು ಸೂಚಿಸಿ. ಗಕಾರದ ಬಾಲದಲ್ಲಿ ‘ಗ್ನ’ ಎಂದು ಕೇಳಿ ಬಂದವರಿಗೆ ‘ಜ್ಞ ನೋಡಿ’ ಎಂದು ದಾರಿ ತೋರಿಸಿ. ಮುನ್ನುಡಿಯಲ್ಲಿ ಸೊನ್ನೆಗೆ ಯಾವ ಸ್ಥಾನ ಕೊಟ್ಟಿದ್ದೀರೆಂಬುದನ್ನು ಮೊದಲ ಪುಟದಲ್ಲೇ ಹೇಳಿ. ಮಿನ್ನಿಘಂಟು ಮಾಡುವವರು ಹುಡುಕುವ ಮುನ್ನ 200D ಸಂಕೇತವನ್ನು ತೆಗೆದುಹಾಕುವ ಏರ್ಪಾಡು ಮಾಡಲಿ. ಅದಕ್ಕೆ ಒಂದೆರಡು ಸಾಲಿನ ತಂತ್ರಾಂಶ ಸಾಕು.